ಹಾಲೂಡಿಸುವವಳ ತಟ್ಟೆ

ನನ್ನ ತಂಗಿ ಶಿವಗಂಗಾಳ ಬಾಯಿಗೆ ಹೆದರದವರು ತಂಬ್ರಹಳ್ಳಿಯಲ್ಲಿ ಯಾರೂ ಇಲ್ಲ, ನಾನೂ ಸೇರಿ. ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಗೆ ಬಗ್ಗುವಂಥದ್ದಲ್ಲ, ಇನ್ಸುಲಿನ್ ಇಲ್ಲದೆ ನಡೆಯದಂಥದ್ದು. "ಇಂಥಾಕಿನ್ನ ಯಾರು ಮಾಡ್ಕೋತಾರ?" ಅಂದವರ ಎದುರಿಗೇ ಓದಿದಳು, ಹೊಸಹಳ್ಳಿಯಲ್ಲಿ ಟೀಚರಾದಳು, ಮೆಚ್ಚಿದವನನ್ನೇ ಮದುವೆಯಾದಳು. ಹೆರಿಗೆಗೆಂದು ತವರಿಗೆ ಬಂದಾಗ, "ನಿನ್ನ ಹಾಲಿನಾಗ ಸಕ್ಕರಿ ಇರತೈತಿ, ಪುಡಿ ಹಾಲು ಹಾಕವ್ವ" ಅಂದವರಿಗೆ "ನಿಮ್ಮ ತಲ್ಯಾಗ ಮಣ್ಣೈತಿ" ಅಂದಳು. ಮಗಳಿಗೆ ತನ್ನ ಎದೆಹಾಲನ್ನೇ ಕುಡಿಸಬೇಕು ಅನ್ನುವುದು ಅವಳ ಹಟ.

ನಮ್ಮವ್ವ ಗಿಡ್ಡಮ್ಮನಿಗೂ ಸಕ್ಕರೆ ಕಾಯಿಲೆ, ಮಾತ್ರೆಯದ್ದು. ಮುನ್ನೂರು ಬಂತೆಂದು ಆಸ್ಪತ್ರೆಯಲ್ಲಿ ಬೈಸಿಕೊಂಡು ಬೈಸಿಕೊಂಡು ಸುಸ್ತಾದವಳು. ಅವಳ ಪಾಲಿಗೆ ಅಂಕಿ ಎಷ್ಟು ಇಳಿದರೆ ಅಷ್ಟು ಒಳ್ಳೆಯದು. ಒಂದು ದಿನ ಕೂಸಿಗೆ ಹಾಲು ಕುಡಿಸಿ ಎದ್ದ ಶಿವಗಂಗಾ ಬೆವರುತ್ತ ಬೆರಳು ಚುಚ್ಚಿ ನೋಡಿಕೊಂಡರೆ ಐವತ್ತೆಂಟು. ಅವ್ವ ಹಿಗ್ಗಿಬಿಟ್ಟಳು.

"ನನ್ನ ಜನ್ಮದಾಗ ಇಷ್ಟು ಕಮ್ಮಿ ಬಂದಿಲ್ಲಲೇ!"

"ಯವ್ವಾ, ಎಪ್ಪತ್ತರ ಕೆಳಗ ಹೋದ್ರ ನನಗ ಅಪಾಯ. ಕೂಸಿಗೆ ಕುಡಿಸಿದಾಗ ನನ್ನ ಸಕ್ಕರಿ ಇಳಿತೈತಿ. ಅದಕ್ಕ ಡಾಕ್ಟ್ರು ಇನ್ಸುಲಿನ್ ಕಮ್ಮಿ ಮಾಡ್ಯಾರ, ಕುಡಿಸೋ ಮುಂಚೆ ಏನರ ತಿನ್ನು ಅಂದಾರ," ಎನ್ನುತ್ತ ತಂಗಿ ಸಕ್ಕರೆ ನೀರು ಕುಡಿದಳು. ಅವ್ವ ಹೂಂ ಅಂದಳು. ನಂಬಿದಳು ಅಂತ ಮಾತ್ರ ನನಗೆ ಅನ್ನಿಸಲಿಲ್ಲ.

ತೊಟ್ಟಿಲ ಕಾರ್ಯದ ದಿನ ಅದು ಗೊತ್ತಾಯಿತು. ಬೆಳಿಗ್ಗೆ ಶಿವಗಂಗಾ ಎರಡು ರೊಟ್ಟಿಗೆ ಲೆಕ್ಕ ಹಾಕಿ ಇನ್ಸುಲಿನ್ ತಗೊಂಡು ಉಣ್ಣಲು ಕೂತಿದ್ದಳು. ಅರ್ಧ ರೊಟ್ಟಿ ಮುರಿದಿದ್ದಳೋ ಇಲ್ಲವೋ, ಹಗರಿಬೊಮ್ಮನಹಳ್ಳಿಯಿಂದ ನಮ್ಮ ಸೋದರತ್ತೆ ಅಂಜಿನಕ್ಕ ಬಂದಿಳಿದಳು. ಬಂದವರ ಎದುರು ಬಾಣಂತಿ ಉಣ್ಣಬಾರದಂತೆ, ದೃಷ್ಟಿಯಂತೆ! "ಇನ್ಸುಲಿನ್ ತಗೊಂಡೀನಿ ಯವ್ವಾ, ಉಣ್ಣದಿದ್ರ ಸಕ್ಕರಿ ಇಳಿತೈತಿ" ಅಂದರೂ ಕೇಳದೆ ಅವ್ವ ತಟ್ಟೆ ಎತ್ತಿ ಒಳಗಿಟ್ಟು ಶೇಂಗಾ ಉಂಡಿ ಕಟ್ಟಲು ಮಗಳನ್ನು ಕೂರಿಸಿದಳು. ಕೂಸು ಅತ್ತಿತು. ತಂಗಿ ಬೆಲ್ಲದ ಕೈಯನ್ನು ಸೀರೆಗೆ ಒರೆಸಿಕೊಂಡು ಹಾಲು ಕುಡಿಸಿದಳು.

ಸ್ವಲ್ಪ ಹೊತ್ತಿಗೇ ಕೈ ನಡುಗಲು ಶುರುವಾಯಿತು. "ಅಕ್ಕಾ, ಕೂಸಿನ್ನ ಹಿಡಿ, ಹಸಿವಿಗೆ ಜೀವ ಹೋಗಾಕತ್ತೈತಿ, ರೊಟ್ಟಿ ಕೊಡ್ರಿ," ಅಂದಳು. ನಾನು ಕೂಸನ್ನು ಎತ್ತಿಕೊಂಡೆ. ಅವ್ವ ಮಷೀನು ತಂದು ಅವಳ ಬೆರಳು ಚುಚ್ಚಿದಳು. ಇನ್ನೂರ ಎಪ್ಪತ್ತನಾಲ್ಕು.

"ನೋಡಿದ್ಯಾ? ಇಷ್ಟು ಐತಿ, ಉಣ್ಣಾಕ ಕೇಳ್ತಿ! ಸೂಜಿ ತರ್ತೀನಿ ತಡಿ," ಎಂದು ಅವ್ವ ಇನ್ಸುಲಿನ್ ತರಲು ಎದ್ದಳು.

"ನಾ ಹೇಳಿರಲಿಲ್ಲೇನು," ಅತ್ತೆ ಶುರುಮಾಡಿದಳು, "ಇಂದಿಗೆ ಆ ಹಾಲು ಬಿಡಿಸ್ರಿ."

ತಂಗಿಯ ಹಣೆಯಿಂದ ಬೆವರು ಇಳಿಯುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಆದರೂ ಅವ್ವನ ಸೆರಗು ಹಿಡಿದು ಜಗ್ಗಿದಳು. "ಸೂಜಿ ಚುಚ್ಚಬ್ಯಾಡ! ಈ ನಡುಕ ನನಗ ಗೊತ್ತೈತಿ. ಬೆರಳಿಗೆ ಬೆಲ್ಲ ಹತ್ತೈತಿ, ಮಷೀನು ಆ ಬೆಲ್ಲಾನ ಅಳದೈತಿ. ಅಕ್ಕಾ, ಮೊದಲು ಸಕ್ಕರಿ!"

ಅತ್ತೆ ಕೈ ಅಡ್ಡ ಹಿಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಕೂಸನ್ನು ಅತ್ತೆಯ ತೊಡೆಗೇ ಹಾಕಿ, ಅಡುಗೆಮನೆಗೆ ಓಡಿ, ಮೂರು ಚಮಚ ಸಕ್ಕರೆ ಕಲಸಿದ ನೀರು ತಂದೆ. ತಂಗಿ ಗಟಗಟ ಕುಡಿದಳು. ಕುಡಿದ ಮೇಲೆ ಅವಳ ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದೆ.

ನಲವತ್ತೊಂಬತ್ತು.

ಅವ್ವ ಇನ್ಸುಲಿನ್ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಂಕಿ ನೋಡಿದಳು. ಈ ಸಲ ಹಿಗ್ಗಲಿಲ್ಲ. "ಇದನ್ನ ಚುಚ್ಚಿಬಿಟ್ಟಿದ್ರ ಏನಾಗ್ತಿತ್ತು?" ಅಂದಳು. ಅವಳು ಪೆನ್ನನ್ನು ಕಪಾಟಿನಲ್ಲಿಟ್ಟು ಅಲ್ಲೇ ಗೋಡೆಗೆ ಒರಗಿ ಅತ್ತಳು.

ಕಾಲು ಗಂಟೆ ಬಿಟ್ಟು ನೋಡಿದಾಗ ಎಂಬತ್ತಾರಕ್ಕೆ ಏರಿತ್ತು. ಅಷ್ಟರಲ್ಲಿ ಕೂಸು ಮತ್ತೆ ಅಳತೊಡಗಿತು. ಅಂಗಳದ ತುಂಬ ಜನ ಕೂತಿದ್ದರು. ಶಿವಗಂಗಾ ಒಳಕೋಣೆಗೆ ಹೋಗಲಿಲ್ಲ. ಎಲ್ಲರ ನಡುವೆ ಚಾಪೆ ಹಾಕಿ ಕೂತು, ಸೆರಗು ಮುಚ್ಚಿ ಕೂಸಿಗೆ ಹಾಲು ಕೊಟ್ಟು, "ಯವ್ವಾ, ರೊಟ್ಟಿ ತಾ," ಅಂತ ಜೋರಾಗಿ ಕೂಗಿದಳು.

ಅವ್ವ ರೊಟ್ಟಿ, ಹೆಸರುಕಾಳು ಪಲ್ಯ ತಂದಳು. ತಂಗಿಯ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸೆರಗು. ಅವ್ವ ಪಕ್ಕದಲ್ಲೇ ಕೂತು ತಾನೇ ತುತ್ತು ಮುರಿದು ಅವಳ ಬಾಯಿಗಿಟ್ಟಳು.

"ಅಯ್ಯ ಗಿಡ್ಡಮ್ಮ, ಇಷ್ಟು ಮಂದಿ ಮುಂದ!" ಅತ್ತೆ ಗಲ್ಲಕ್ಕೆ ಕೈ ಹಚ್ಚಿದಳು.

ಗಂಡನ ಅಕ್ಕನಿಗೆ ಅವ್ವ ಎದುರಾಡಿದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ.

"ನೋಡಾಕ ಆಗದಿದ್ರ ಆ ಕಡಿ ತಿರಗು, ಅಂಜಿನಕ್ಕ. ನನ್ನ ಮಗಳು ಉಣ್ಣಾಕತ್ಯಾಳ," ಎಂದು ಅವ್ವ ಇನ್ನೊಂದು ತುತ್ತು ಮುರಿದಳು.