ನಲವತ್ತರಲ್ಲಿ ಒಂದು ಮುಖ

ನಮ್ಮ ಬೀದಿಯ ಸ್ಟುಡಿಯೋ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ತೀರಿಹೋದವರ ಚಿಕ್ಕ ಫೋಟೋಗಳನ್ನು ದೊಡ್ಡದು ಮಾಡಿಕೊಡುವುದು ಅವನ ಮೂವತ್ತು ವರ್ಷಗಳ ಕಸುಬು.

ಅವನ ಅಕ್ಕ ಮನೆಯವರ ಫೋಟೋಗಳನ್ನು ಒಂದೊಂದಾಗಿ ಅವನ ಫೋನಿಗೆ ಕಳಿಸುತ್ತಿದ್ದಳು. "ದಿನವಿಡೀ ಟಿಂಗ್ ಟಿಂಗ್ ಅಂತ ತಲೆ ತಿಂತೀಯಲ್ಲೇ! ಎಲ್ಲ ಸೇರ್ಸಿ ಒಂದೇ ಕೊಲಾಜ್ ಮಾಡಿ ಕಳ್ಸು," ಎಂದು ರೇಗಿದ ಮಾವ, ಬಂದಿದ್ದ ಫೋಟೋಗಳನ್ನೆಲ್ಲ ಅಳಿಸಿಯೂ ಹಾಕಿದ. ಅಕ್ಕ ಪಟ್ಟುಹಿಡಿದು ಕಲಿತಳು. ನಲವತ್ತು ಫೋಟೋ ಜೋಡಿಸಿ ಒಂದೇ ಚಿತ್ರ ಮಾಡಿ ಅವನಿಗೆ ಕಳಿಸಿದಳು. ಹೇಗೂ ಎಲ್ಲ ಇದರಲ್ಲೇ ಇವೆಯಲ್ಲ ಎಂದು ಬಿಡಿ ಫೋಟೋಗಳನ್ನು ತನ್ನ ಫೋನಿನಿಂದ ತೆಗೆದೂಬಿಟ್ಟಳು.

ಮುಂದಿನ ತಿಂಗಳು ಅಕ್ಕ ತೀರಿಹೋದಳು.

ಅವಳ ಮಗಳು ಸ್ಟುಡಿಯೋಗೆ ಬಂದಳು. "ಮಾವ, ಅಮ್ಮನ್ದೊಂದು ದೊಡ್ಡ ಫೋಟೋ ಮಾಡ್ಕೊಡು. ಸಿಕ್ಕಿದ್ದು ಇದೊಂದೇ."

ಅದೇ ಕೊಲಾಜ್. ಯಾವಾಗಲೂ ಫೋಟೋ ತೆಗೆಯುತ್ತಿದ್ದವಳು ತಾನೇ ಇದ್ದದ್ದು ಉಗುರಿನಷ್ಟಗಲದ ಒಂದೇ ಚೌಕದಲ್ಲಿ. ಮಾವ ಹಿಗ್ಗಿಸಿದಷ್ಟೂ ಮುಖ ಬಣ್ಣದ ಇಟ್ಟಿಗೆಗಳಾಯಿತು.

"ಬಿಡಿ ಫೋಟೋ ಇದ್ದಿದ್ರೆ ಚೆನ್ನಾಗಿ ಬರ್ತಿತ್ತು ಕಣಮ್ಮ. ಇಲ್ಲಿ ನಲವತ್ತೂ ಸೇರಿ ಒಂದು ಫೋಟೋದ ಜಾಗ ಹಂಚ್ಕೊಂಡಿವೆ. ಚೌಕಕ್ಕೆ ಕೂರ್ಸೋವಾಗ ಒಂದು ಕೆನ್ನೆಯೂ ಕತ್ತರಿಸಿಹೋಗಿದೆ."

"ಅಮ್ಮಂಗೆ ಹೀಗೆ ಮಾಡು ಅಂತ ಹೇಳಿದ್ದು ಯಾರು ಮಾವ?"

ಬೀದಿಗೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ ತನ್ನ ಫೋನನ್ನು ಅವಳ ಕೈಗಿತ್ತ. ಕೊಲಾಜ್ ಕೆಳಗೆ ಅಕ್ಕ ಬರೆದಿದ್ದಳು: "ಇನ್ಮೇಲೆ ಒಂದೇ ಸಲ ಟಿಂಗ್ ಅನ್ನುತ್ತೆ ಕಣೋ, ಬೈಬೇಡ."