ಉದಾಹರಣೆಗೆ ಬಂದ ಅಮ್ಮ

ಆನ್‌ಲೈನ್ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರದ ವೀಡಿಯೋ ಪಾಠ ಮಾಡಬೇಕೆಂದು ನಮ್ಮ ಕಾಲೇಜಿನಲ್ಲಿ ತೀರ್ಮಾನವಾದಾಗ, ಪಾಠ ಬರೆಯುವುದು, ಕ್ಯಾಮೆರಾ ಹಿಡಿಯುವುದು, ಎಡಿಟ್ ಮಾಡುವುದು ಎಲ್ಲವೂ ನನ್ನ ತಲೆಗೇ ಬಂದವು. ನಾನು ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಕಾಫಿ ಕೊಡುತ್ತಾರೆ. ಕಾಲೇಜಿನಲ್ಲಿ ಕಾಫಿ ತರಿಸುವ ಕೆಲಸವೇ ಅತಿಥಿಯದು. ಇಂಥ ಪಾಠಗಳ ತಯಾರಿಕೆಯ ಬಗ್ಗೆ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದಿದ್ದೆ. ಆಮೇಲೆ ವಿಭಾಗದಲ್ಲಿ ಯಾರಿಗೂ ಪ್ರಿಂಟರ್ ಕೂಡ ಆನ್ ಮಾಡಲು ಬರದಂತಾಯಿತು.

ಭೂಗೋಳದವರು ಬಿಟ್ಟುಹೋದ ಒಂದು ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡೆ. ಗೋಡೆಗೆ ತಾಗಿ ಮಾತು ಗುಂಯ್ ಎನ್ನದಿರಲೆಂದು ದಪ್ಪ ಪರದೆ ಕಟ್ಟಿದೆ. ಫ್ಯಾನ್ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನ್ ನಿಲ್ಲಿಸಿದೆ. ಕ್ಯಾಮೆರಾದ ಮುಂದೆ ಟೆಲಿಪ್ರಾಂಪ್ಟರ್ ನಿಲ್ಲಿಸಿದೆ. ಅದೇನೂ ಮಾಯೆಯಲ್ಲ: ಓರೆಯಾಗಿ ನಿಲ್ಲಿಸಿದ ಒಂದು ಗಾಜು, ಅದರ ಕೆಳಗೆ ಮಲಗಿಸಿದ ಒಂದು ಟ್ಯಾಬ್. ಟ್ಯಾಬಿನಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿ ಓಡುತ್ತವೆ. ಗಾಜಿನಲ್ಲಿ ಸರಿಯಾಗಿ ಕಾಣುತ್ತವೆ. ಗಾಜಿನ ಹಿಂದೆಯೇ ಕ್ಯಾಮೆರಾ ಇರುವುದರಿಂದ, ಓದುವವರು ವಿದ್ಯಾರ್ಥಿಯ ಕಣ್ಣನ್ನೇ ನೋಡಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.

ಮೊದಲ ಪಾಠ ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದರ ಮೇಲೆ. ಅದನ್ನು ಬರೆಯುವಾಗ ನನಗೆ ಪುಸ್ತಕ ಬೇಕಾಗಲಿಲ್ಲ. ನನ್ನ ಅಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರಿಯೇ ನನ್ನನ್ನು ಓದಿಸಿದವಳು. ಬೆಳಿಗ್ಗೆ ಬಂದ ಮಲ್ಲಿಗೆ ಅಷ್ಟೇ. ಸಂಜೆಯೊಳಗೆ ಹೆಚ್ಚಿಸಲಾಗದು, ನಾಳೆಗೆ ಎತ್ತಿಡಲಾಗದು. ಹಬ್ಬದ ಹಿಂದಿನ ದಿನ ಕೊಳ್ಳುವವರು ಮುಗಿಬಿದ್ದರೆ ಮೊಳದ ಬೆಲೆ ಏರುತ್ತದೆ. ಸಾದಾ ದಿನ ದೀಪ ಹಚ್ಚುವ ಹೊತ್ತಿಗೆ ಬುಟ್ಟಿಯಲ್ಲಿ ಹೂ ಉಳಿದರೆ ಬಂದಷ್ಟಕ್ಕೆ ಕೊಟ್ಟು ಏಳಬೇಕು. ಪೂರೈಕೆ ಬದಲಾಗದ ಅಲ್ಪಾವಧಿಯಲ್ಲಿ ಬೇಡಿಕೆಯೇ ಬೆಲೆಯನ್ನು ಕುಣಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 'ನನ್ನ ತಾಯಿ' ಎಂದೇ ಬರೆದೆ. ಕ್ಯಾಮೆರಾ ಮುಂದೆ ಕೂರುವವಳು ನಾನೇ ಎಂದುಕೊಂಡಿದ್ದೆ.

ಚಿತ್ರೀಕರಣದ ದಿನ ವಿಭಾಗದ ಮುಖ್ಯಸ್ಥರು ರೇಷ್ಮೆ ಜುಬ್ಬಾ ಹಾಕಿಕೊಂಡು ಬಂದರು.

"ಮೊದಲನೇ ಪಾಠ ಅಂದ್ರೆ ಒಂದು ತೂಕ ಇರ್ಬೇಕು ನೋಡಿ ಮೇಡಂ. ಅದನ್ನ ನಾನೇ ಮಾಡ್ಬಿಡ್ತೀನಿ. ನೀವು ಮುಂದಿನದೆಲ್ಲ ಮಾಡೋರಂತೆ."

"ಸರ್, ಒಂದ್ಸಲ ಓದ್ಕೊಂಡ್ರೆ ಒಳ್ಳೇದು. ಅದು ನಾನು..."

"ನನಗೆ ಬೆಲೆ ಸಿದ್ಧಾಂತ ಓದ್ಕೊಳ್ಳೋಕೆ ಹೇಳ್ತೀರಾ?" ಎಂದು ನಕ್ಕು ಕುರ್ಚಿಯಲ್ಲಿ ಕೂತರು.

ಅವರದು ಲಕ್ಷ್ಮೀಪುರಂನ ಹಳೆಯ ಮನೆತನ; ಅಜ್ಜ ಅರಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಈ ವಿಷಯ ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ. ಗೊತ್ತಿಲ್ಲದವರಿಗೆ ಅವರೇ ತಿಳಿಸುತ್ತಾರೆ.

ಕ್ಯಾಮೆರಾವನ್ನು ಅವರ ಕಣ್ಣಿನ ಮಟ್ಟಕ್ಕೆ ಇಟ್ಟೆ. ಅವರಿಗೆ ಅದು ಸರಿಬರಲಿಲ್ಲ. ಕೆಳಗಿಂದ ತೆಗೆದರೆ ಗಂಭೀರವಾಗಿ ಕಾಣುತ್ತದೆಂದು ಯಾರೋ ಹೇಳಿದ್ದರಂತೆ. ಇಳಿಸಿ ತೋರಿಸಿದೆ. ಪರದೆಯ ತುಂಬ ಎರಡು ಮೂಗಿನ ಹೊಳ್ಳೆ, ನಿಂತ ಫ್ಯಾನಿನ ರೆಕ್ಕೆಗಳು ತಲೆಯಿಂದ ಹೊರಟ ಕೋಡು. "ಮೊದಲಿನ ಹಾಗೇ ಇಡಿ," ಎಂದರು. ತಲೆಯ ಮೇಲೆ ಕೊಂಚವೇ ಜಾಗ ಬಿಟ್ಟು, ಎದೆಯಿಂದ ಮೇಲಕ್ಕೆ ಚೌಕಟ್ಟು ಕಟ್ಟಿದೆ. ಆಗ ಹಿಂದಿನ ಕಪಾಟಿನಲ್ಲಿ ಅವರು ತರಿಸಿ ಜೋಡಿಸಿದ್ದ ಸ್ಮರಣಿಕೆಗಳೆಲ್ಲ ಅವರ ಹೆಗಲ ಮರೆಗೆ ಹೋದವು. ಅವರು ಎದ್ದು ಹೋಗಿ ಅವನ್ನೆಲ್ಲ ಕಿವಿಯ ಮಟ್ಟಕ್ಕೆ ಏರಿಸಿ ಬಂದರು. ತೆರೆಯ ಮೇಲೆ ಅವರ ಎರಡು ಕಿವಿಯಿಂದಲೂ ಹಿತ್ತಾಳೆಯ ಆನೆಗಳು ಹೊರಡುತ್ತಿದ್ದವು. ಆನೆ ಇಳಿಸಲು ಅವರು ಒಪ್ಪುವುದಕ್ಕೆ ಒಂದು ಕಾಫಿ ಬೇಕಾಯಿತು.

ಓದಲು ಶುರುಮಾಡಿದಾಗ ಅವರ ಕಣ್ಣುಗುಡ್ಡೆ ಟೆನಿಸ್ ಪಂದ್ಯ ನೋಡುವವರಂತೆ ಅತ್ತಿಂದಿತ್ತ ಓಡುತ್ತಿತ್ತು. ಕ್ಯಾಮೆರಾವನ್ನೂ ಗಾಜನ್ನೂ ಹಿಂದಕ್ಕೆ ಸರಿಸಿ, ಮುಖ ಮೊದಲಿನಷ್ಟೇ ದೊಡ್ಡದಾಗಿ ಕಾಣುವಂತೆ ಜೂಮ್ ಮಾಡಿದೆ. ಅಕ್ಷರ ದೊಡ್ಡದು ಮಾಡಿ ಸಾಲುಗಳನ್ನು ಗಿಡ್ಡ ಮಾಡಿದೆ. ಓಟ ನಿಂತಿತು. ದೀಪಗಳು ಕನ್ನಡಕದಲ್ಲಿ ಹೊಳೆಯುತ್ತಿದ್ದವು. ಅವನ್ನು ಮೇಲಕ್ಕೇರಿಸಿ ಪಕ್ಕಕ್ಕೆ ತಿರುಗಿಸಿದೆ. ಅಕ್ಷರ ಓಡುವ ವೇಗ ನನ್ನ ಕೈಯ ರಿಮೋಟಿನಲ್ಲಿತ್ತು. ನಾನು ನಿಧಾನಿಸಿದರೆ ಅವರು ನಿಧಾನಿಸುತ್ತಿದ್ದರು, ನಿಲ್ಲಿಸಿದರೆ ಬಾಯಿ ತೆರೆದೇ ನಿಲ್ಲುತ್ತಿದ್ದರು. ಎಷ್ಟೋ ವಿಭಾಗೀಯ ಸಭೆಗಳಲ್ಲಿ ನಾನು ಹಂಬಲಿಸಿದ್ದ ಸಾಧನ ಅದು.

ಹೀಗೆ ಓದುತ್ತ ಅವರು ಅಮ್ಮನ ಬಳಿಗೆ ಬಂದರು.

"ಬೆಲೆಯ ಬಗ್ಗೆ ಅರ್ಥಶಾಸ್ತ್ರಜ್ಞರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ನನ್ನ ತಾಯಿ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದರು."

ರಿಮೋಟ್ ಒತ್ತಿದೆ. ಅವರು ನಿಂತರು.

"ಯಾಕ್ ನಿಲ್ಸಿದ್ರಿ? ಚೆನ್ನಾಗ್ ಹೋಗ್ತಿತ್ತಲ್ಲ."

"ಸರ್, ಅದು ನನ್ನ ತಾಯಿ."

"ಯಾವುದು?"

"ಹೂ ಮಾರ್ತಿದ್ದಿದ್ದು. ನಾನೇ ಹೇಳ್ತೀನಿ ಅಂತ ಬರೆದದ್ದು ಸರ್. ನೀವು 'ಒಬ್ಬ ತಾಯಿ' ಅಂತ ಓದಿದ್ರೆ..."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಉದಾಹರಣೆ ತಾನೇ? ಉದಾಹರಣೆಗೆ ತಾಯಿ ಯಾರಾದ್ರೇನ್ರೀ! ಒಬ್ಬ ತಾಯಿ ಅಂದ್ರೆ ಸಪ್ಪೆಯಾಗುತ್ತೆ. ಮುಂದಕ್ಕೆ ಬಿಡಿ."

ನಾನು ಮುಂದಕ್ಕೆ ಬಿಟ್ಟೆ. ಅವರು ಓದಿದರು. ಮಳೆಗೆ ಬುಟ್ಟಿಯ ಮೇಲೆ ಸೆರಗು ಹೊದಿಸಿ ತಾನು ನೆನೆಯುತ್ತಿದ್ದ ನನ್ನ ಅಮ್ಮನನ್ನು ಆ ಮನುಷ್ಯ ರೇಷ್ಮೆ ಜುಬ್ಬಾದಲ್ಲಿ ಕೂತು, ದನಿ ಸ್ವಲ್ಪ ನಡುಗಿಸಿ, ತಮ್ಮ ತಾಯಿಯನ್ನಾಗಿ ಮಾಡಿಕೊಂಡರು. ನನ್ನ ಕೈ ಮಾತ್ರ ವೇಗ ತಪ್ಪದಂತೆ ಅಕ್ಷರಗಳನ್ನು ಏರಿಸುತ್ತಲೇ ಇತ್ತು.

ಎಡಿಟಿಂಗಿಗೆ ಕೂತೆ. ಅವರು ಪ್ರಾಂಪ್ಟರ್ ಬಿಟ್ಟು ಅಲ್ಲಲ್ಲಿ ಸೇರಿಸಿದ್ದ ಅಜ್ಜ, ಅರಮನೆ, ಕೆಮ್ಮು, 'ಏನಪ್ಪಾ ಅಂದ್ರೆ' ಎಲ್ಲವನ್ನೂ ಕತ್ತರಿಸಿದೆ. ಹಾಗೆ ಕತ್ತರಿಸಿ ತುದಿಗಳನ್ನು ಕೂಡಿಸಿದರೆ ತಲೆ ತಟಕ್ಕನೆ ಪಕ್ಕಕ್ಕೆ ಹಾರಿದಂತೆ ಕಾಣುತ್ತದೆ. ಅದಕ್ಕೇ ಮುಂದಿನ ತುಂಡನ್ನು ಸ್ವಲ್ಪ ದೊಡ್ಡದು ಮಾಡಿ, ಕಣ್ಣುಗಳು ತೆರೆಯ ಮೇಲೆ ಅದೇ ಎತ್ತರದಲ್ಲಿ ಉಳಿಯುವಂತೆ ಕೂರಿಸಬೇಕು. ಆಗ ಅದು ತಪ್ಪಿನಂತೆ ಕಾಣದೆ, ಮೇಷ್ಟ್ರು ಒಂದು ಮುಖ್ಯ ಮಾತಿಗಾಗಿ ಹತ್ತಿರ ಬಂದಂತೆ ಕಾಣುತ್ತದೆ. ಮಾತಿನ ಬಾಲ ತುಂಡಾಗಬಾರದು, ಒಂದಿಷ್ಟು ಉಸಿರಿಗೆ ಜಾಗ ಇರಬೇಕು. ಎಲ್ಲ ಮುಗಿದಾಗ ಅವರು ತಮ್ಮ ಜೀವಮಾನದಲ್ಲಿ ಎಂದೂ ಇಲ್ಲದಷ್ಟು ಚುರುಕಾಗಿ, ವಿನಯವಾಗಿ, ವಿಷಯ ಬಿಟ್ಟು ಆಚೀಚೆ ಹೋಗದೆ ಪಾಠ ಮಾಡುತ್ತಿದ್ದರು.

ವಿದ್ಯಾರ್ಥಿಗಳು ಕರಗಿಹೋದರು. 'ಸರ್, ನಿಮ್ಮ ತಾಯಿಗೆ ನಮಸ್ಕಾರ', 'ಇಂಥ ಕಷ್ಟದಿಂದ ಬಂದಿದ್ದೀರಿ ಅಂತ ಗೊತ್ತಿರಲಿಲ್ಲ' ಎಂದು ವೀಡಿಯೋ ಕೆಳಗೆ ಬರೆದರು. ಸರ್‌ಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಹೊಸ ವಿದ್ಯಾರ್ಥಿಗಳ ಸಭೆಯಲ್ಲಿ ಅವರು, "ಮಲ್ಲಿಗೆ ವಾಸನೆ ಬಂದ್ರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತೆ," ಎಂದದ್ದನ್ನು ಎರಡನೇ ಸಾಲಿನಲ್ಲಿ ಕೂತು ಕೇಳಿದೆ.

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಅಮ್ಮನಿಗೆ ವೀಡಿಯೋ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ಪೂರ್ತಿ ನೋಡಿದಳು.

"ಇವ್ರವ್ವನೂ ಹೂ ಮಾರ್ತಿತ್ತಾ? ಯಾವ ಸಾಲಲ್ ಕೂತ್ಕತಿತ್ತು? ನಾನ್ ಕಾಣ್ನಲ್ಲ."

"ಅವ್ರವ್ವ ಅಲ್ಲ ಕಣಮ್ಮ, ನೀನೇ."

"ನಾನು ಅವ್ರಿಗ್ ಎಂಗೆ ಅವ್ವ ಆದೆ?"

ಗಾಜು, ಟ್ಯಾಬ್, ರಿಮೋಟ್ ಎಲ್ಲ ವಿವರಿಸಿ ಹೇಳಿದೆ.

ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಕೇಳುವವರು ಲಕ್ಷ್ಮೀಪುರಂನಲ್ಲಿದ್ದರು. ಮುಖ್ಯಸ್ಥರ ತಾಯಿಗೆ ನೆಂಟರೊಬ್ಬರು ವೀಡಿಯೋ ಕಳಿಸಿದ್ದರು. ಮರುದಿನ ಬೆಳಿಗ್ಗೆ ಮುಖ್ಯಸ್ಥರು ಮುಖ ಬಾಡಿಸಿಕೊಂಡು ಸ್ಟುಡಿಯೋಗೆ ಬಂದರು.

"ಅಮ್ಮ ಮಾತಾಡ್ತಿಲ್ಲ ಕಣ್ರೀ. 'ನಾನು ಹೂ ಮುಡಿದಿದೀನಿ ಕಣೋ, ಮಾರಿಲ್ಲ' ಅಂದು ಬಾಗಿಲು ಹಾಕ್ಕೊಂಡ್ಬಿಟ್ರು. ಈಗ್ಲೇ ತೆಗೀರಿ ಅದನ್ನ."

"ಆ ಭಾಗ ತೆಗೆದ್ರೆ ಪಾಠವೇ ನಿಲ್ಲಲ್ಲ ಸರ್. ಮುಂದಿನದೆಲ್ಲ ಆ ಬುಟ್ಟಿ ಮೇಲೇ ನಿಂತಿದೆ."

"ಹಾಗಾದ್ರೆ 'ನನ್ನ ತಾಯಿ' ಅನ್ನೋದನ್ನ ಮಾತ್ರ ಕತ್ತರಿಸಿ. ನೀವು ನೀಟಾಗಿ ಕತ್ತರಿಸ್ತೀರಲ್ಲ."

ಕತ್ತರಿಸಿ ತೋರಿಸಿದೆ. ಜೋಡಣೆ ಗೊತ್ತೇ ಆಗದಷ್ಟು ನೀಟಾಗಿ ಬಂತು: 'ಬೆಲೆಯ ಬಗ್ಗೆ ಅರ್ಥಶಾಸ್ತ್ರಜ್ಞರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದರು.'

ಜಗತ್ತಿನ ಅರ್ಥಶಾಸ್ತ್ರಜ್ಞರೆಲ್ಲ ಚಕ್ಕಳಮಕ್ಕಳ ಹಾಕಿ ಹೂ ಕಟ್ಟುತ್ತ ಕೂತುಬಿಟ್ಟರು. ಮುಖ್ಯಸ್ಥರು ಎರಡು ಸಲ ನೋಡಿದರು. ನಾನು ನಗು ತಡೆಯಲು ದೀಪದ ವೈರು ಸುತ್ತುತ್ತ ಆ ಕಡೆ ತಿರುಗಿದೆ.

"ಆ ಭಾಗ ನೀವೇ ಕೂತು ಹೇಳ್ಬಿಡಿ," ಎಂದರು ಕೊನೆಗೆ. "ನಿಮಗಾದ್ರೆ ಪರವಾಗಿಲ್ಲ."

ಆ 'ಪರವಾಗಿಲ್ಲ'ವನ್ನು ನುಂಗಿಕೊಂಡು ಅದೇ ಕುರ್ಚಿಯಲ್ಲಿ ಕೂತೆ. ರಿಮೋಟ್ ತೊಡೆಯ ಮೇಲಿತ್ತು, ಗಾಜಿನಲ್ಲಿ ನನ್ನದೇ ಅಕ್ಷರ. ಓದಿ, ಕ್ಯಾಮೆರಾದ ಹಿಂದಕ್ಕೆ ಹೋಗಿ ನೋಡಿದೆ: ಸ್ವಂತ ಅಮ್ಮನ ಬಗ್ಗೆ ಬಸ್ ನಿಲ್ದಾಣದ ಪ್ರಕಟಣೆಯ ಹಾಗೆ ಮಾತಾಡುತ್ತಿದ್ದೆ. ದನಿ ನಡುಗಿಸಿದ ಅವರೇ ನನಗಿಂತ ಒಳ್ಳೆಯ ಮಗನಾಗಿದ್ದರು! ಸಿಟ್ಟಿಗೆ ಟ್ಯಾಬ್ ಆರಿಸಿ, ಖಾಲಿ ಗಾಜು ನೋಡುತ್ತ ಬಾಯಿಗೆ ಬಂದಂತೆ ಹೇಳಿದೆ. ತಡವರಿಸಿದೆ, ಮರೆತೆ, ಮತ್ತೆ ಹೇಳಿದೆ. ಎಡಿಟ್ ಮಾಡುವಾಗ ಕತ್ತರಿಗೆ ಬಿಡುವೇ ಇರಲಿಲ್ಲ. ಆದರೆ ಮುಖ ಮಾತ್ರ ಮಾತಾಡುವವಳ ಮುಖವಾಗಿತ್ತು. ಹಳೆಯ ವೀಡಿಯೋ ತೆಗೆದು ಹೊಸದನ್ನು ಹಾಕಿದೆ.

ಸಂಜೆಯೊಳಗೆ ಮೊದಲ ಪ್ರತಿಕ್ರಿಯೆ ಬಂತು. 'ಮೇಡಂ, ಇದು ಸರ್ ಅವರ ತಾಯಿ ಕಥೆ. ಹೀಗೆ ಕಾಪಿ ಹೊಡೆಯೋದು ಸರಿನಾ?'

ಅದರ ಕೆಳಗೆ ಇನ್ನೂ ಹಲವರು ಬೇಸರಪಟ್ಟಿದ್ದರು. ನಾನು ಉತ್ತರ ಬರೆಯುತ್ತಿದ್ದಾಗಲೇ ಮುಖ್ಯಸ್ಥರು ತಮ್ಮ ಹೆಸರಿನಲ್ಲೇ ದೊಡ್ಡ ಮನಸ್ಸು ಮಾಡಿದರು: 'ಸದರಿ ಉದಾಹರಣೆಯನ್ನು ವಿಭಾಗದ ಎಲ್ಲರೂ ಸೇರಿ ಸಿದ್ಧಪಡಿಸಿರುತ್ತಾರೆ. ವಿದ್ಯಾರ್ಥಿಗಳು ವಿಷಯದ ಕಡೆ ಗಮನ ಕೊಡಬೇಕು.'

ಮನೆಗೆ ಹೋಗಿ ಅಮ್ಮನಿಗೆ ಇದನ್ನು ಓದಿ ಹೇಳಿದೆ. ಅಮ್ಮ ಈಗ ಮಾರುಕಟ್ಟೆಗೆ ಹೋಗುವುದಿಲ್ಲ. ಹಬ್ಬ ಬಂದರೆ ಬೀದಿಯವರಿಗೆ ಮನೆಯಲ್ಲೇ ಹೂ ಕಟ್ಟಿಕೊಡುತ್ತಾಳೆ. ಗೌರಿ ಹಬ್ಬದ ಮೊಗ್ಗು ಒದ್ದೆ ಬಟ್ಟೆಯ ಮೇಲೆ ರಾಶಿ ಬಿದ್ದಿತ್ತು.

"ಎಲ್ರೂ ಸೇರ್ಕಂಡ್ ಮಾಡುದ್ರಂತಾ?" ಎಂದಳು, ದಾರ ಎಳೆಯುತ್ತ. "ಅಂಗಾದ್ರೆ ಫೋನ್ ಮಾಡು. ಇಷ್ಟೊಂದದೆ, ಬಂದು ಕಟ್ಬುಟ್ಟು ಓಗ್ಲಿ."

ನಾನು ಫೋನ್ ಮಾಡಲಿಲ್ಲ. ಪಕ್ಕದಲ್ಲಿ ಕೂತು ಕಟ್ಟತೊಡಗಿದೆ. ನನ್ನ ಗಂಟು ಸಡಿಲವೆಂದು ಅಮ್ಮ ಎರಡು ಸಲ ಬಿಚ್ಚಿಸಿದಳು.