ಮೂರು ವಾರದ ಮೀಸೆ

ನನ್ನ ಮುಖ ಉದ್ದ. ಮೇಲ್ದುಟಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಈಗ ಬರೆಯುವಾಗ ನಗು ಬರುತ್ತದೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಮಾತ್ರ ಲೋಕದಲ್ಲಿ ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಒಂದು ಹತ್ತಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಅಪ್ಪ ಅವ್ವ ಹಳ್ಳಿಯಲ್ಲಿದ್ದರು. ಹರಿಹರದ ಒಂದು ಮನೆಗೆ ನನ್ನ ಫೋಟೊ ಹೋಗಿತ್ತು. ಫೋಟೊ ಒಯ್ದಿದ್ದ ನೆಂಟರು ವಾಪಸು ಬಂದು, ಹೇಳಬಾರದ್ದನ್ನೂ ಹೇಳಿಬಿಟ್ಟರು.

"ಹುಡುಗಿ ಅಪ್ಪಗ ನೌಕರಿ ಒಪ್ಪಿಗಿ ಐತೆ. ಅಜ್ಜಿ ಮಾತ್ರ, ಹುಡುಗನ ತುಟೀನ ಕಾಣವಲ್ದು, ಸಿಡುಕ ಇರಬೇಕು ಅಂತಾಳ. ಮೂರು ವಾರ ಬಿಟ್ಟು ಭಾನುವಾರ ಬರ್ರಿ, ಕಣ್ಣಾರೆ ನೋಡ್ತೀವಿ ಅಂದಾರ."

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಸ್ಟೇಷನ್ ಹತ್ತಿರದ ಕಟಿಂಗ್ ಅಂಗಡಿಗೆ ಓಡಿದೆ. ಆಗ ನಾನು ಸಿನಿಮಾ ಪೋಸ್ಟರಿನಲ್ಲಿದ್ದಂಥ ಗೆರೆ ಮೀಸೆ ಬಿಟ್ಟಿದ್ದೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಫೋಟೊದಲ್ಲೂ ಅದೇ ಇತ್ತು. ಅಂಗಡಿಯವನು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ.

"ಇದು ಗುಂಡು ಮುಖದೋರ ಮೀಸಿ ಕಣ್ರಿ. ನಿಮಗ ಯಾರು ಹೇಳಿದ್ರು? ತುಟಿ ಮ್ಯಾಲೆ ಇಷ್ಟು ಬಯಲು ಬಿಟ್ರೆ ಇರೋ ತುಟೀನೂ ಮಾಯ ಆಕ್ಕೈತೆ."

"ಮತ್ತೆ ಹೆಂಗೆ ಬಿಡ್ಲಿ?"

"ಮೂರು ವಾರ ಕತ್ರಿ, ಬ್ಲೇಡು ಎರಡೂ ಮುಟ್ಟಬ್ಯಾಡ್ರಿ. ಕೂದಲು ಕೆಳಗೆ ಬಂದು ತುಟಿ ಅಂಚು ಮುಟ್ಟಬೇಕು, ಆಗ ತುಟಿ ತೆಳುವೋ ದಪ್ಪೋ ಯಾರಿಗೂ ತಿಳಿಯಲ್ಲ. ಎರಡೂ ಕಡಿ ಬಾಯಿ ಮೂಲಿ ದಾಟಿ ಒಂದು ಅಕ್ಕಿ ಕಾಳಿನಷ್ಟು ಆಚೆ ಹೋಗಬೇಕು, ನೆಟ್ಟಗೆ ಅಡ್ಡಕ್ಕೆ. ಅಡ್ಡ ಇದ್ರೆ ಮುಖ ಅಗಲ ಕಾಣ್ತೈತೆ. ತುದಿ ಕೆಳಗೆ ಇಳೀತೋ, ಮುಖ ಇನ್ನೂ ಗೇಣುದ್ದ ಆಕ್ಕೈತೆ."

ಮೂರು ವಾರ ನಾನು ಮನುಷ್ಯನಾಗಿರಲಿಲ್ಲ. ಲೆಡ್ಜರು ಬರೆಯುತ್ತ ಬರೆಯುತ್ತ ಕೈ ತುಟಿಯ ಮೇಲೆ ಹೋಗುತ್ತಿತ್ತು. ಕಿಟಕಿ ಗಾಜು, ಸ್ಟೀಲಿನ ಲೋಟ, ಮಸಿಕುಡಿಕೆಯ ಮುಚ್ಚಳ, ಹೊಳೆಯುವುದೆಲ್ಲ ನನಗೆ ಕನ್ನಡಿಯೇ. ಎರಡನೇ ವಾರ ಮೀಸೆ ಪೊದೆಯ ಹಾಗೆ ಎದ್ದು ನಿಂತಾಗ ಹೆಡ್ ಗುಮಾಸ್ತರು, "ಏನಪ್ಪಾ, ಪೊಲೀಸ್ ಇಲಾಖೆಗೆ ಅರ್ಜಿ ಹಾಕೀಯೇನು?" ಎಂದು ಛೇಡಿಸಿದರು. ನಾನು ಲೆಡ್ಜರಿನ ಪುಟ ತಿರುಗಿಸಿದೆ.

ಶನಿವಾರ ಸಂಜೆ ಅಂಗಡಿಯವನು ಮೀಸೆಯನ್ನು ಒಣಗಿದ್ದ ಹಾಗೆಯೇ ಕೆಳಕ್ಕೆ ಬಾಚಿ, ತುಟಿಯ ಅಂಚಿನ ಉದ್ದಕ್ಕೂ ಕತ್ತರಿ ಆಡಿಸಿದ. ಕನ್ನಡಿಯಲ್ಲಿ ಯಾರೋ ಮನೆತನಸ್ಥನೊಬ್ಬ ಕುಳಿತಿದ್ದ. ಸಿಡುಕಿನ ಸುಳಿವಿಲ್ಲ, ಮುಖವೂ ಅಷ್ಟು ಉದ್ದವಿಲ್ಲ. ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ ಕನ್ನಡಿ ನೋಡುತ್ತೇನೆ, ಮೀಸೆ ಬಾಯಿಯೊಳಕ್ಕೇ ಇಳಿದಿದೆ! ಒದ್ದೆ ಕೂದಲು ಜೋತು ಉದ್ದ ಕಾಣುತ್ತದೆ ಎಂಬುದು ಸಣ್ಣ ವಿಷಯ, ಆದರೆ ಚಡಪಡಿಸುವವನಿಗೆ ಸಣ್ಣ ವಿಷಯ ಹೊಳೆಯುವುದಿಲ್ಲ. ಕತ್ತರಿ ತೆಗೆದು ಕೆಳಗಿನ ಅಂಚನ್ನು ಕತ್ತರಿಸಿದೆ. ಅರ್ಧ ಗಂಟೆಯಲ್ಲಿ ಅದು ಒಣಗಿ ಮೇಲಕ್ಕೆದ್ದಿತು, ತುಟಿ ಬತ್ತಲೆಯಾಯಿತು. ಎಡಗಡೆ ಹೆಚ್ಚಾಯಿತೆಂದು ಎಡಕ್ಕೆ, ಬಲಗಡೆ ಹೆಚ್ಚಾಯಿತೆಂದು ಬಲಕ್ಕೆ, ಕೋತಿ ಬೆಣ್ಣೆ ಪಾಲು ಮಾಡಿದಂತೆ ಕತ್ತರಿಸುತ್ತ ಹೋದೆ. ಕೊನೆಗೆ ಮೂಗಿನ ಕೆಳಗೆ ಎರಡು ಬೆರಳಗಲದ ತುಂಡು ಉಳಿಯಿತು. ಅದರಿಂದ ನನ್ನ ಮುಖ ಹಾರೆಯಷ್ಟು ಉದ್ದವಾಯಿತು. ರೈಲಿಗೆ ಹೊತ್ತಾಗಿತ್ತು. ಸಿಟ್ಟಿನಲ್ಲಿ ಬ್ಲೇಡು ತೆಗೆದುಕೊಂಡು ಅದನ್ನೂ ನುಣ್ಣಗೆ ಬೋಳಿಸಿ, ತಲೆಗೆ ಕರಿ ಟೋಪಿ ಹಾಕಿಕೊಂಡು ಓಡಿದೆ.

ನಮ್ಮ ಜನರಲ್ಲಿ ಮೀಸೆ ಬಿಟ್ಟ ಮಗ ಅದನ್ನು ಪೂರ್ತಿ ತೆಗೆಸುವುದು ತಂದೆಯೋ ತಾಯಿಯೋ ಹೋದಾಗ ಮಾತ್ರ, ತಲೆಯ ಜೊತೆಗೆ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ನನ್ನ ತುಟಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಪ್ಪ ಹಳ್ಳಿಯಿಂದ ಬಸ್ಸಿನಲ್ಲಿ ನೇರ ಹರಿಹರಕ್ಕೆ ಬರುವವರಿದ್ದರು. ನಾನು ಹೆಣ್ಣಿನ ಮನೆ ಮುಟ್ಟಿದಾಗ ಅವರಿನ್ನೂ ಬಂದಿರಲಿಲ್ಲ. ಒಳಗಿನಿಂದ ಏನೋ ಹುರಿಯುವ ವಾಸನೆ ಬರುತ್ತಿತ್ತು. ಹುಡುಗಿಯ ತಂದೆ ನಗುತ್ತ ಹೊರಗೆ ಬಂದವರು ನನ್ನ ಮುಖ, ತಲೆಯ ಮೇಲಿನ ಟೋಪಿ ನೋಡಿದ್ದೇ ತಡ, ನಗು ನಿಂತಿತು. ಒಳಗೆ ಕರೆಯಲಿಲ್ಲ, ಜಗುಲಿಯ ಒಂದು ತುದಿ ತೋರಿಸಿ ತಾವು ಇನ್ನೊಂದು ತುದಿಗೆ ಕುಳಿತರು. ಹುಡುಗಿಯ ತಾಯಿ ನೀರಿನ ತಂಬಿಗೆ ಹಿಡಿದು ಹೊಸ್ತಿಲ ತನಕ ಬಂದು, ಹಾಗೆಯೇ ಹಿಂದಿರುಗಿದರು. ಸ್ವಲ್ಪ ಹೊತ್ತಿಗೆ ಹುರಿಯುವ ಸದ್ದೂ ನಿಂತಿತು.

ಇಷ್ಟೊಂದು ಕುರೂಪಿಯೇ ನಾನು ಎನ್ನಿಸಿತು. ನೀರು ಕೊಡಲೂ ಮನಸ್ಸು ಬಾರದಷ್ಟು? ಎದ್ದು ಹೋಗಿಬಿಡಲೇ ಎಂದುಕೊಂಡೆ, ಆದರೆ ಅಪ್ಪ ಬರುವುದಿತ್ತು.

ಹುಡುಗಿಯ ತಂದೆ ಗಂಟಲು ಸರಿಪಡಿಸಿಕೊಂಡರು. "ಸುದ್ದಿ ಹೇಳಾಕ ನೀವ ಬರಬೇಕಿತ್ತೇನ್ರಿ? ಯಾರ ಕೂಡಾದ್ರೂ ಹೇಳಿ ಕಳಿಸಿದ್ರೆ ಆಗ್ತಿತ್ತು. ಎಂದು ಹೋದ್ರು?"

"ಯಾರು?"

"ನಿಮ್ಮ ಅಪ್ಪಾರು."

ನನಗೆ ಅರ್ಥವಾಗಿ ನಾಲಿಗೆ ಹೊರಳುವಷ್ಟರಲ್ಲಿ, ಛತ್ರಿ ಊರಿಕೊಂಡು ಅಪ್ಪನೇ ಅಂಗಳಕ್ಕೆ ಬಂದರು. "ಬಸ್ಸು ಕೆಟ್ಟು ನಿಂತಿತ್ರಿ, ತಡ ಆತು," ಎಂದರು. ಬಾಗಿಲ ಹಿಂದೆ ಅಜ್ಜಿ ಒಮ್ಮೆ ಕೂಗಿಕೊಂಡಳು.

ಅಪ್ಪ ನನ್ನ ಕಡೆ ನೋಡಿದರು. ಆಮೇಲೆ ಜಗುಲಿಯ ಎರಡು ತುದಿ, ತಣ್ಣಗಾದ ಮನೆ, ಎಲ್ಲವನ್ನೂ ನೋಡಿದರು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಹುಡುಗ ಬುದ್ಧಿ ನೋಡ್ರಿ. ಕತ್ರಿ ಆಡ್ಸಾಕ ಹೋಗಿ ಹಿಂಗ ಮಾಡಿಕೊಂಡಾನ," ಎಂದು ದೊಡ್ಡದಾಗಿ ನಕ್ಕರು. ಹುಡುಗಿಯ ತಂದೆಯೂ ಜೀವ ಬಂದವರಂತೆ ನಕ್ಕು ಕೈ ಮುಗಿದರು. ಆದರೂ ಆವತ್ತು ಹುಡುಗಿ ತೋರಿಸಲು ಅಜ್ಜಿ ಬಿಡಲಿಲ್ಲ. "ಬರ್ರಿ, ಮೀಸಿ ಬಂದ ಮ್ಯಾಲೆ ಬರ್ರಿ," ಎಂದಳು. ಎರಡು ತಿಂಗಳ ಮೇಲೆ ಹೋದೆವು, ಒಪ್ಪಿದರು, ಮದುವೆಯಾಯಿತು. ಹೆಂಡತಿ ಇವತ್ತಿಗೂ ಇದನ್ನು ಹೇಳಿ ನಗುತ್ತಾಳೆ.

ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಆವತ್ತು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅಪ್ಪ ಮುಂದೆ ಮುಂದೆ ನಡೆದರು. ಹೊಳೆ ಕಾಣುವ ಕಡೆ ಅವರು ನಿಂತು, ತಿರುಗಿ, ಹೆಬ್ಬೆರಳಿನಿಂದ ನನ್ನ ಮೇಲ್ದುಟಿಯನ್ನು ಮೆಲ್ಲಗೆ ಸವರಿದರು.

"ಅಪ್ಪ ಆದವನು ಮಗನ ಈ ಮುಖ ನೋಡಬಾರದಪ್ಪ," ಎಂದರು. "ನಾ ಹೋದ ದಿನ ನೀ ಹೆಂಗ ನಿಂತಿರ್ತೀಯಾ ಅನ್ನೋದನ್ನ ನಾ ಇವತ್ತ ನೋಡಿದೆ."